ಮಗುವಿಗೆ ಒಂದು ಹಲ್ಲು ಜಾಸ್ತಿ, ಇಲ್ಲವೇ ಒಂದು ಹಲ್ಲು ಕಡಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಹಲ್ಲಿನ ಡಾಕ್ಟರು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಬಗ್ಗೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಡುವಿನ ಎರಡನ್ನು ದೊಡ್ಡ ಹಲ್ಲು ಅಂತಲೂ, ಅವುಗಳ ಆಚೀಚೆ ಇರುವ ಎರಡನ್ನು ಪಕ್ಕದ ಹಲ್ಲು ಅಂತಲೂ ಕರೆಯುತ್ತೇನೆ. ಪಕ್ಕದ ಹಲ್ಲಿನ ನಂತರ ಬರುವುದು ಕೋರೆ ಹಲ್ಲು.

ಮಗನಿಗೆ ಎಂಟು ವರ್ಷ. ಒಂದು ದೊಡ್ಡ ಹಲ್ಲು ಬಂದಿದೆ, ಇನ್ನೊಂದರ ಸುಳಿವೇ ಇಲ್ಲ. ಎಷ್ಟು ದಿನ ಕಾಯಬೇಕು?

ಮಗುವಿನ ವಯಸ್ಸನ್ನು ನೋಡುವುದಕ್ಕಿಂತ ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿ. ಕೆಲವು ಮಕ್ಕಳಿಗೆ ಎಲ್ಲ ಹಲ್ಲೂ ತಡವಾಗಿ ಬರುತ್ತವೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಒಂದು ಕಡೆ ಬಂದ ಹಲ್ಲು ಇನ್ನೊಂದು ಕಡೆ ಆರು ತಿಂಗಳಾದರೂ ಬಾರದಿದ್ದರೆ ಎಕ್ಸ್‌ರೇ ತೆಗೆಸಬೇಕು.

ಸಾಮಾನ್ಯವಾಗಿ ಕೆಳಗಿನ ಸಾಲಿನ ನಡುವಿನ ಎರಡು ಹಲ್ಲುಗಳು 6ರಿಂದ 7 ವರ್ಷಕ್ಕೆ ಬರುತ್ತವೆ. ಮೇಲಿನ ದೊಡ್ಡ ಹಲ್ಲುಗಳು 7ರಿಂದ 8ಕ್ಕೆ, ಪಕ್ಕದ ಹಲ್ಲುಗಳು 8ರಿಂದ 9ಕ್ಕೆ, ಮೇಲಿನ ಕೋರೆ ಹಲ್ಲುಗಳು 11ರಿಂದ 12ಕ್ಕೆ. ಈ ವಯಸ್ಸು ಹೆಚ್ಚು ಕಡಿಮೆ ಆಗಬಹುದು, ಆದರೆ ಬರುವ ಕ್ರಮ ಅಷ್ಟಾಗಿ ತಪ್ಪುವುದಿಲ್ಲ. ಹಾಗಾಗಿ ದೊಡ್ಡ ಹಲ್ಲು ಬರುವ ಮೊದಲೇ ಪಕ್ಕದ ಹಲ್ಲು ಇಣುಕಿದರೆ ದೊಡ್ಡ ಹಲ್ಲಿಗೆ ಏನೋ ಅಡ್ಡ ಇದೆ ಅಂತ ಅನುಮಾನ ಪಡಬೇಕು. ಎರಡೂ ದೊಡ್ಡ ಹಲ್ಲು ಬಂದಿಲ್ಲ, ಕೆಳಗಿನವು ಬಂದು ಒಂದು ವರ್ಷ ದಾಟಿದೆ ಅಂದರೂ ಅಷ್ಟೇ.

ಇನ್ನೊಂದು ವಿಷಯ ನೆನಪು ಮಾಡಿಕೊಂಡು ಬನ್ನಿ. ಎರಡು ಮೂರು ವರ್ಷದವನಿದ್ದಾಗ ಬಿದ್ದು ಹಾಲು ಹಲ್ಲಿಗೆ ಪೆಟ್ಟಾಗಿತ್ತಾ? ಆ ಪೆಟ್ಟು ಒಳಗಿನ ಹೊಸ ಹಲ್ಲಿಗೂ ತಾಗಿ ಅದು ಬಾಗಿ ಬೆಳೆದಿರಬಹುದು. ದಾರಿಗೆ ಅಡ್ಡ ಇದ್ದರೂ, ಹಲ್ಲು ಬಾಗಿದ್ದರೂ ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ.

ಅಡ್ಡ ಇರುವುದು ಏನು? ಮೆಸಿಯೋಡೆನ್ಸ್ ಅಂತ ಬರೆದುಕೊಟ್ಟಿದ್ದಾರೆ.

ಮೇಲ್ದವಡೆಯ ನಟ್ಟನಡುವೆ, ಎರಡು ದೊಡ್ಡ ಹಲ್ಲುಗಳ ಮಧ್ಯೆಯೋ ಅವುಗಳ ಹಿಂದೆ ಅಂಗುಳದ ಕಡೆಗೋ ಹುಟ್ಟುವ ಹೆಚ್ಚಿನ ಹಲ್ಲಿಗೆ ಆ ಹೆಸರು. ಲೆಕ್ಕಕ್ಕಿಂತ ಜಾಸ್ತಿ ಹುಟ್ಟುವ ಹಲ್ಲುಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದೇ. ಗಂಡು ಮಕ್ಕಳಲ್ಲಿ ಹೆಣ್ಣು ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಕಾಣಿಸುತ್ತದೆ. ಹಲ್ಲು ರೂಪುಗೊಳ್ಳುವ ಅಂಗಾಂಶದ ಪಟ್ಟಿ ಆ ಜಾಗದಲ್ಲಿ ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೊಂದು ಮೊಗ್ಗು ಬಿಡುತ್ತದೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ.

ಇದು ಎರಡು ಮುಖ್ಯ ಆಕಾರಗಳಲ್ಲಿ ಬರುತ್ತದೆ. ಒಂದು ಮೊಳೆಯ ಹಾಗೆ ಚೂಪು. ಇದಕ್ಕೆ ಬೇರೂ ಚೆನ್ನಾಗಿ ಬೆಳೆದಿರುತ್ತದೆ. ಕೆಲವೊಮ್ಮೆ ಹೊರಗೆ ಬಂದು ಎರಡು ಹಲ್ಲಿನ ನಡುವೆ ಪುಟ್ಟದಾಗಿ ನಿಲ್ಲುತ್ತದೆ, ಕೆಲವೊಮ್ಮೆ ತಲೆಕೆಳಗಾಗಿ ಮೂಗಿನ ಕಡೆಗೆ ಮುಖ ಮಾಡಿರುತ್ತದೆ. ಇನ್ನೊಂದು ಪೀಪಾಯಿಯ ಹಾಗೆ ದಪ್ಪ, ತಲೆಯ ಮೇಲೆ ಎರಡು ಮೂರು ಗುಬುಟು. ಇದರ ಬೇರು ಬೆಳೆದೇ ಇರುವುದಿಲ್ಲ ಅನ್ನಬಹುದು, ಆದ್ದರಿಂದ ತಾನಾಗಿ ಹೊರಗೆ ಬರುವುದೂ ಅಪರೂಪ. ದೊಡ್ಡ ಹಲ್ಲಿನ ಹಿಂದೆ ಕೂತು ಅದರ ದಾರಿ ಮುಚ್ಚುವುದು ಹೆಚ್ಚಾಗಿ ಈ ದಪ್ಪನೆಯದ್ದೇ. ಚೂಪಾದದ್ದು ದಾರಿ ಮುಚ್ಚುವುದಕ್ಕಿಂತ ಹಲ್ಲನ್ನು ಪಕ್ಕಕ್ಕೆ ತಳ್ಳುವುದು, ತಿರುಚುವುದು ಜಾಸ್ತಿ.

ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಆ ನಂಬಿಕೆಯನ್ನು ನಾನು ಎದುರು ಹಾಕಿಕೊಳ್ಳುವುದಿಲ್ಲ. ಎಕ್ಸ್‌ರೇಯನ್ನು ಮಾತ್ರ ಮುಂದೂಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಒಂದು ಎಕ್ಸ್‌ರೇ ಆಗಿದೆ. ಮತ್ತೆ ಇನ್ನೊಂದು ಬೇಕು ಅಂತಾರೆ. ನಿಜವಾಗಿ ಬೇಕಾ?

ಹೆಚ್ಚಾಗಿ ಬೇಕೇ ಬೇಕು. ಮುಖದ ಸುತ್ತ ತಿರುಗಿ ತೆಗೆಯುವ ಓಪಿಜಿಯಲ್ಲಿ ಎಲ್ಲ ಹಲ್ಲೂ ಒಟ್ಟಿಗೆ ಕಾಣುತ್ತವೆ, ಎಣಿಸುವುದಕ್ಕೆ ಅದು ಒಳ್ಳೆಯದು. ಆದರೆ ಅದರ ದುರ್ಬಲ ಜಾಗವೇ ನಡುಭಾಗ. ಬೆನ್ನುಮೂಳೆಯ ನೆರಳು ಅಲ್ಲೇ ಬೀಳುತ್ತದೆ, ಸ್ಪಷ್ಟವಾಗಿ ಕಾಣುವ ಪದರವೂ ಅಲ್ಲಿ ತೆಳು. ಓಪಿಜಿ ನೋಡಿ “ಏನೂ ಇಲ್ಲ” ಅಂತ ಕಳಿಸಿದ ಮಗುವಿನಲ್ಲಿ ಚಿಕ್ಕ ಎಕ್ಸ್‌ರೇ ತೆಗೆದಾಗ ಮೆಸಿಯೋಡೆನ್ಸ್ ಸಿಕ್ಕಿದ್ದನ್ನು ನಾನು ನೋಡಿದ್ದೇನೆ.

ಇನ್ನು ಒಂದೇ ಚಿಕ್ಕ ಎಕ್ಸ್‌ರೇಯಿಂದ ಹಲ್ಲು ಮುಂದೆ ಇದೆಯೋ ಹಿಂದೆ ಇದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಕೋನ ಸ್ವಲ್ಪ ಬದಲಿಸಿ ಎರಡನೆಯದು ತೆಗೆಯುತ್ತೇವೆ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಎರಡು ತೋರುಬೆರಳನ್ನು ಒಂದರ ಹಿಂದೆ ಒಂದು ಹಿಡಿದು, ಒಂದು ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ಸರಿಸಿ. ಹಿಂದಿನ ಬೆರಳೂ ಬಲಕ್ಕೆ ಸರಿದಂತೆ ಕಾಣುತ್ತದೆ, ಅಲ್ವಾ? ಎಕ್ಸ್‌ರೇಯಲ್ಲೂ ಹಾಗೇ. ಟ್ಯೂಬು ಸರಿದ ಕಡೆಗೇ ಹಲ್ಲಿನ ನೆರಳು ಸರಿದರೆ ಅದು ಅಂಗುಳದ ಕಡೆ ಇದೆ. ಎದುರು ದಿಕ್ಕಿಗೆ ಸರಿದರೆ ತುಟಿಯ ಕಡೆ. ಯಾವ ಕಡೆಯಿಂದ ವಸಡು ತೆರೆಯಬೇಕು ಅನ್ನುವುದು ಇದರ ಮೇಲೆ ನಿಲ್ಲುತ್ತದೆ.

ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಎಲ್ಲ ಮಕ್ಕಳಿಗೂ ಬೇಡ. ಹಲ್ಲು ತುಂಬಾ ಮೇಲಿದ್ದರೆ, ಪಕ್ಕದ ಬೇರಿಗೆ ಅಂಟಿದಂತಿದ್ದರೆ, ಎರಡು ಹೆಚ್ಚಿನ ಹಲ್ಲು ಇದ್ದರೆ ಬೇಕಾಗುತ್ತದೆ. ಆಗಲೂ ಇಡೀ ತಲೆಯದ್ದಲ್ಲ, ಆ ಭಾಗದ ಚಿಕ್ಕ ಸ್ಕ್ಯಾನ್ ಸಾಕು.

ಕಂಡ ಕೂಡಲೇ ತೆಗೆಸಬೇಕಾ?

ಅದು ಏನು ಮಾಡುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ದೊಡ್ಡ ಹಲ್ಲುಗಳು ಸರಿಯಾಗಿ ಬಂದಿವೆ, ಮೇಲೆಲ್ಲೋ ತಲೆಕೆಳಗಾದ ಚೂಪು ಹಲ್ಲೊಂದು ಸುಮ್ನೆ ಕೂತಿದೆ, ಯಾವ ಬೇರಿಗೂ ತಾಗುತ್ತಿಲ್ಲ ಅಂದರೆ ಬಿಟ್ಟು ನೋಡಬಹುದು. ಆದರೆ ಬಿಡುವುದು ಅಂದರೆ ಮರೆಯುವುದಲ್ಲ. ಅದರ ಸುತ್ತ ನೀರುಗುಳ್ಳೆ ಬೆಳೆಯುತ್ತಿದೆಯಾ, ಪಕ್ಕದ ಬೇರು ಕರಗುತ್ತಿದೆಯಾ ಅಂತ ಆಗಾಗ ಎಕ್ಸ್‌ರೇಯಲ್ಲಿ ನೋಡುತ್ತಿರಬೇಕು. ಹೊರಗೆ ಬಂದ ಚೂಪು ಹಲ್ಲಾದರೆ ಸಾಮಾನ್ಯ ಹಲ್ಲಿನ ಹಾಗೆ ಕಿತ್ತರೆ ಆಯಿತು.

ದಾರಿ ಮುಚ್ಚಿದ್ದರೆ ತೆಗೆಯಲೇಬೇಕು. ಯಾವಾಗ ಅನ್ನುವುದರಲ್ಲಿ ಡಾಕ್ಟರುಗಳಲ್ಲಿ ಎರಡು ಅಭಿಪ್ರಾಯ ಇದೆ. ಬೇಗ, ಅಂದರೆ 6 ಅಥವಾ 7 ವರ್ಷಕ್ಕೆ ತೆಗೆದರೆ ದೊಡ್ಡ ಹಲ್ಲಿಗೆ ತಾನಾಗಿ ಇಳಿಯುವ ಶಕ್ತಿ ಇರುತ್ತದೆ, ಜಾಗವೂ ಕಳೆದುಹೋಗಿರುವುದಿಲ್ಲ. ಆದರೆ ಅದರ ಬೇರು ಇನ್ನೂ ಎಳಸು, ಪೆಟ್ಟಾಗುವ ಭಯ ಇದೆ. ಅಷ್ಟು ಚಿಕ್ಕ ಮಗು ಕುರ್ಚಿಯಲ್ಲಿ ಕೂರುವುದೂ ಕಷ್ಟ. ಬೇರು ಪೂರ್ತಿಯಾಗಲಿ ಅಂತ 10 ವರ್ಷದವರೆಗೆ ಕಾದರೆ ಪೆಟ್ಟಿನ ಭಯ ಕಡಿಮೆ. ಆದರೆ ಅಷ್ಟರಲ್ಲಿ ಪಕ್ಕದ ಹಲ್ಲುಗಳು ವಾಲಿ ಜಾಗ ನುಂಗಿರುತ್ತವೆ, ಹಲ್ಲು ತಾನಾಗಿ ಇಳಿಯುವ ಸಾಧ್ಯತೆಯೂ ಕುಗ್ಗುತ್ತದೆ. ನಾನು ಬೇಗದ ಕಡೆಗೇ ವಾಲುತ್ತೇನೆ. ದಾರಿ ಮುಚ್ಚಿದೆ ಅಂತ ಖಚಿತವಾದರೆ ಏಳೆಂಟು ವರ್ಷದಲ್ಲೇ ತೆಗೆಯುವುದು ಒಳ್ಳೆಯದು.

ಆಪರೇಷನ್ ಹೇಗಿರುತ್ತದೆ? ಒಂದು ಉದಾಹರಣೆ ಹೇಳುತ್ತೀರಾ?

ಒಬ್ಬ ಹುಡುಗ ಬಂದಾಗ 8 ವರ್ಷ 4 ತಿಂಗಳು. ಎಡದ ದೊಡ್ಡ ಹಲ್ಲು ಬಂದು ಹದಿನಾಲ್ಕು ತಿಂಗಳಾಗಿತ್ತು. ಬಲಗಡೆ ಹಾಲು ಹಲ್ಲು ಬಿದ್ದು ಹೋಗಿತ್ತು, ಹೊಸದು ಬಂದಿರಲಿಲ್ಲ. “ನಿಧಾನವಾಗಿ ಬರುತ್ತೆ ಬಿಡಿ” ಅಂತ ಎಲ್ಲರೂ ಹೇಳಿದ್ದರಂತೆ. ಅಷ್ಟರಲ್ಲಿ ಬಲಗಡೆಯ ಪಕ್ಕದ ಹಲ್ಲು ಅರ್ಧ ಇಳಿದು, ಖಾಲಿ ಜಾಗದ ಕಡೆಗೆ ವಾಲಿತ್ತು. ಎಡದ ದೊಡ್ಡ ಹಲ್ಲಿನ ಅಗಲ ಅಳೆದೆ, 8.5 ಮಿಲಿಮೀಟರ್. ಬಲಗಡೆ ಉಳಿದಿದ್ದ ಜಾಗ 6.

ಎರಡು ಕೋನದ ಎಕ್ಸ್‌ರೇಯಲ್ಲಿ ಚಿತ್ರ ಸ್ಪಷ್ಟವಾಯಿತು. ಪೀಪಾಯಿ ಆಕಾರದ ಹೆಚ್ಚಿನ ಹಲ್ಲು, ಅಂಗುಳದ ಕಡೆ. ಅದರ ಮೇಲೆ ನೇರವಾಗಿಯೇ ಕೂತ ದೊಡ್ಡ ಹಲ್ಲು, ಬೇರು ಮೂರರಲ್ಲಿ ಎರಡು ಪಾಲು ಬೆಳೆದಿತ್ತು. ನೇರವಾಗಿದ್ದದ್ದು ಒಳ್ಳೆಯ ಸುದ್ದಿ. ಅಡ್ಡ ಮಲಗಿದ್ದರೆ ದಾರಿ ಬಿಟ್ಟರೂ ಇಳಿಯುವುದು ಕಷ್ಟ.

ಹುಡುಗ ಧೈರ್ಯಸ್ಥ, ಹಾಗಾಗಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕುರ್ಚಿಯಲ್ಲೇ ಮಾಡಿದೆವು. ತುಂಬಾ ಹೆದರುವ ಮಗುವಾದರೆ ಆಸ್ಪತ್ರೆಯಲ್ಲಿ ಪೂರ್ತಿ ಮತ್ತು ಬರಿಸಿ ಮಾಡುತ್ತೇವೆ, ಬಲವಂತವಾಗಿ ಹಿಡಿದು ಮಾಡುವುದಿಲ್ಲ. ಅಂಗುಳದ ಕಡೆಯ ವಸಡನ್ನು ಹಲ್ಲಿನ ಅಂಚಿನಿಂದ ಬಿಡಿಸಿ ಹಿಂದಕ್ಕೆ ಸರಿಸಿದೆವು. ಹೆಚ್ಚಿನ ಹಲ್ಲಿನ ಮೇಲಿದ್ದ ತೆಳು ಮೂಳೆ ತೆಗೆದು, ಹಲ್ಲನ್ನು ಎರಡು ತುಂಡು ಮಾಡಿ ಹೊರತೆಗೆದೆವು. ತುಂಡು ಮಾಡುವುದು ಯಾಕೆ ಅಂದರೆ ಇಡಿಯಾಗಿ ಎಳೆಯುವಾಗ ದೊಡ್ಡ ಹಲ್ಲಿನ ಎಳೆ ಬೇರಿನ ಮೇಲೆ ಒತ್ತಡ ಬೀಳಬಾರದು. ದೊಡ್ಡ ಹಲ್ಲನ್ನು ನಾವು ಮುಟ್ಟಲಿಲ್ಲ. ವಸಡು ಮುಚ್ಚಿ ಹೊಲಿಗೆ ಹಾಕಿದೆವು. ಎಲ್ಲ ಸೇರಿ ಮುಕ್ಕಾಲು ಗಂಟೆ. ಎರಡು ದಿನ ತುಟಿ ಸ್ವಲ್ಪ ಊದಿತ್ತು. ಮೊದಮೊದಲು ಮೊಸರನ್ನ, ತಣ್ಣಗಿನ ಗಂಜಿ, ಖಾರ ಬೇಡ. ಏಳನೇ ದಿನ ಹೊಲಿಗೆ ಬಿಚ್ಚಿದೆವು. ಅಂಗುಳದ ಮುಂಭಾಗ ಕೆಲವು ವಾರ ಜೋಮು ಹಿಡಿದಂತಿತ್ತು, ಆಮೇಲೆ ಹೋಯಿತು. ಈ ಜಾಗದ ಆಪರೇಷನ್ನಿನಲ್ಲಿ ಅದು ಆಗುವಂಥದ್ದೇ.

ಹೆಚ್ಚಿನ ಹಲ್ಲು ತೆಗೆದರೆ ಅರ್ಧ ಕೆಲಸ ಆಯಿತು ಅಷ್ಟೇ. 6 ಮಿಲಿಮೀಟರ್ ಜಾಗದಲ್ಲಿ 8.5 ಮಿಲಿಮೀಟರ್ ಹಲ್ಲು ಇಳಿಯಲು ಆಗುವುದಿಲ್ಲ. ಹಿಂದಿನ ಎರಡು ದವಡೆ ಹಲ್ಲಿಗೂ ಮುಂದೆ ಬಂದಿದ್ದ ಹಲ್ಲುಗಳಿಗೂ ಕ್ಲಿಪ್ ಅಂಟಿಸಿ, ವಾಲಿದ ಪಕ್ಕದ ಹಲ್ಲನ್ನು ಆಚೆ ಸರಿಸಿ, ಮೂರೂವರೆ ತಿಂಗಳಲ್ಲಿ 9 ಮಿಲಿಮೀಟರ್ ಜಾಗ ಮಾಡಿದೆವು. ಆಪರೇಷನ್ ಆದ ಐದನೇ ತಿಂಗಳಿಗೆ ವಸಡು ಉಬ್ಬಿತು. ಒಂಬತ್ತನೇ ತಿಂಗಳಿಗೆ ಹಲ್ಲಿನ ಅಂಚು ಕಂಡಿತು. ಸ್ವಲ್ಪ ತಿರುಗಿ ಬಂದಿದ್ದನ್ನು ಅದೇ ಕ್ಲಿಪ್ಪಿನಿಂದ ನೇರ ಮಾಡಿ, ಮತ್ತೆ ತಿರುಗದ ಹಾಗೆ ಹಿಂದೆ ತೆಳು ತಂತಿ ಅಂಟಿಸಿದ್ದೇವೆ.

ತೆಗೆದ ಮೇಲೂ ದೊಡ್ಡ ಹಲ್ಲು ಇಳಿಯದಿದ್ದರೆ?

ಜಾಗ ಇದೆ ಅಂತ ಖಚಿತ ಮಾಡಿಕೊಂಡು ಆರು ತಿಂಗಳಿಂದ ಒಂದು ವರ್ಷ ಕಾಯುತ್ತೇವೆ. ನಡುವೆ ಎಕ್ಸ್‌ರೇಯಲ್ಲಿ ಹಲ್ಲು ಕೆಳಗೆ ಸರಿದಿದೆಯಾ ಅಂತ ನೋಡುತ್ತೇವೆ. ಸರಿದಿಲ್ಲ ಅಂದರೆ ವಸಡು ತೆರೆದು ಹಲ್ಲಿಗೆ ಪುಟ್ಟ ಸರಪಳಿ ಅಂಟಿಸಿ, ಕ್ಲಿಪ್ಪಿನ ತಂತಿಗೆ ಕಟ್ಟಿ ಮೆಲ್ಲಗೆ ಇಳಿಸುತ್ತೇವೆ. ಇಲ್ಲಿ ಆಗುವ ತಪ್ಪು ಅವಸರ. ವಸಡನ್ನು ಸುಮ್ಮನೆ ಕತ್ತರಿಸಿ ಕಿಟಕಿ ಮಾಡಿದರೆ ಹಲ್ಲು ಬೇಗ ಕಾಣುತ್ತದೆ ನಿಜ, ಆದರೆ ಅದರ ಸುತ್ತ ಗಟ್ಟಿ ಗುಲಾಬಿ ವಸಡು ಉಳಿಯುವುದಿಲ್ಲ. ದೊಡ್ಡವನಾದ ಮೇಲೆ ಆ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತದೆ.

ಎರಡು ದೊಡ್ಡ ಹಲ್ಲುಗಳ ನಡುವೆ ಸಂದು ಇದೆ. ಒಳಗೆ ಹೆಚ್ಚಿನ ಹಲ್ಲು ಇರಬಹುದಾ?

ಎಂಟು ಒಂಬತ್ತು ವರ್ಷದಲ್ಲಿ ಸಂದು ಇರುವುದು ಸಹಜ. ಕೋರೆ ಹಲ್ಲು ಬರುವಾಗ ಎರಡು ಮಿಲಿಮೀಟರ್‌ವರೆಗಿನ ಸಂದು ಹೆಚ್ಚಾಗಿ ತಾನೇ ಮುಚ್ಚುತ್ತದೆ. ಸಂದು ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಒಂದು ಹಲ್ಲು ತಿರುಗಿದ್ದರೆ ತೋರಿಸಿ.

ಈಗ ಇನ್ನೊಂದು ಥರದ ತೊಂದರೆ. ಮಗಳಿಗೆ ಪಕ್ಕದ ಹಲ್ಲು ಹುಟ್ಟೇ ಇಲ್ಲ ಅಂದರು. ನಾನು ಬಸುರಿ ಇದ್ದಾಗ ಏನಾದರೂ ತಪ್ಪು ಮಾಡಿದೆನಾ?

ಇಲ್ಲ. ಈ ಪ್ರಶ್ನೆ ಕೇಳುವಾಗ ಎಷ್ಟೋ ತಾಯಂದಿರ ಕಣ್ಣು ತುಂಬಿರುತ್ತದೆ, ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ. ನೀವು ತಿಂದದ್ದು, ಬಿಟ್ಟದ್ದು, ಕ್ಯಾಲ್ಸಿಯಂ ಮಾತ್ರೆ ಮರೆತದ್ದು ಇದಕ್ಕೆ ಕಾರಣವಲ್ಲ. ಹಲ್ಲಿನ ಮೊಗ್ಗು ಮೂಡಿಸುವ ಜೀನ್‌ಗಳಲ್ಲಿನ ವ್ಯತ್ಯಾಸ ಇದು, ಮನೆತನದಲ್ಲಿ ಹರಿದು ಬರುತ್ತದೆ. ಅಪ್ಪ, ಅಮ್ಮ, ಸೋದರತ್ತೆ, ಚಿಕ್ಕಪ್ಪ ಇವರ ಹಲ್ಲು ನೋಡಿದರೆ ಹೆಚ್ಚಾಗಿ ಯಾರಲ್ಲೋ ಒಬ್ಬರಲ್ಲಿ ಪಕ್ಕದ ಹಲ್ಲು ಇರುವುದಿಲ್ಲ, ಅಥವಾ ಕಡ್ಡಿಯಂತೆ ಸಣ್ಣಗೆ ಇರುತ್ತದೆ. ಆ ಕಡ್ಡಿ ಹಲ್ಲೂ ಇದೇ ಗುಣದ ಇನ್ನೊಂದು ರೂಪ. ಒಂದೇ ಮಗುವಿನಲ್ಲಿ ಬಲಕ್ಕೆ ಹಲ್ಲಿಲ್ಲ, ಎಡಕ್ಕೆ ಕಡ್ಡಿ ಹಲ್ಲು ಅನ್ನುವುದು ತುಂಬಾ ಕಾಣುತ್ತದೆ. ಹಾಗಾಗಿ ತಮ್ಮ ತಂಗಿಯರಿಗೂ ಒಂಬತ್ತರ ಹೊತ್ತಿಗೆ ಒಮ್ಮೆ ನೋಡಿಸಿ.

ಇಂಥ ಮಕ್ಕಳಲ್ಲಿ ಕೋರೆ ಹಲ್ಲಿನ ಮೇಲೂ ಕಣ್ಣಿಡಬೇಕು. ಪಕ್ಕದ ಹಲ್ಲಿನ ಬೇರು ಹಿಡಿದು ಇಳಿಯುವುದು ಅದರ ರೂಢಿ. ಆ ಬೇರೇ ಇಲ್ಲದಿದ್ದರೆ, ಅಥವಾ ಸಣ್ಣದಿದ್ದರೆ, ಕೋರೆ ಹಲ್ಲು ದಾರಿ ತಪ್ಪಿ ಅಂಗುಳದಲ್ಲಿ ಸಿಕ್ಕಿಕೊಳ್ಳಬಹುದು. ಹತ್ತು ವರ್ಷಕ್ಕೆ ತುಟಿಯ ಒಳಗೆ, ವಸಡಿನ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಕೋರೆ ಹಲ್ಲಿನ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಎಕ್ಸ್‌ರೇ ಬೇಕು.

ಖಾಲಿ ಜಾಗ ಮುಚ್ಚುವುದಾ, ಹಲ್ಲು ಕಟ್ಟಿಸಲು ಉಳಿಸುವುದಾ?

ಇದೇ ದೊಡ್ಡ ತೀರ್ಮಾನ. ಹಲ್ಲಿನ ಸಾಲು ಸರಿ ಮಾಡುವ ಆರ್ಥೊಡಾಂಟಿಸ್ಟ್ ಜೊತೆ ಕೂತು, ಹನ್ನೆರಡು ಹದಿಮೂರು ವರ್ಷದ ಹೊತ್ತಿಗೆ ಮಾಡಬೇಕಾದದ್ದು.

ಮುಚ್ಚುವುದು ಅಂದರೆ ಕೋರೆ ಹಲ್ಲನ್ನು ಪಕ್ಕದ ಹಲ್ಲಿನ ಜಾಗಕ್ಕೆ ತಂದು, ಅದರ ಹಿಂದಿನದನ್ನು ಕೋರೆ ಹಲ್ಲಿನ ಜಾಗಕ್ಕೆ ತರುವುದು. ಕೋರೆ ಹಲ್ಲು ಸ್ವಲ್ಪ ಅಗಲ, ಚೂಪು, ಹಳದಿ. ಅದರ ತುದಿ ಸವೆಸಿ, ಮೂಲೆಗಳಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಸೇರಿಸಿ, ಬೇಕಾದರೆ ಬಿಳುಪು ಮಾಡಿ ಪಕ್ಕದ ಹಲ್ಲಿನಂತೆ ಕಾಣಿಸುತ್ತೇವೆ. ಮೇಲಿನ ಹಲ್ಲುಗಳು ಮುಂದಕ್ಕೆ ಚಾಚಿದ್ದರೆ, ಅಥವಾ ಹಲ್ಲುಗಳು ಇಕ್ಕಟ್ಟಾಗಿದ್ದರೆ ಇದು ಚೆನ್ನಾಗಿ ಒಪ್ಪುತ್ತದೆ. ಹಲ್ಲುಗಳ ನಡುವೆ ಮೊದಲೇ ಸಂದುಗಳಿದ್ದು, ಹಿಂದಿನ ಕಚ್ಚು ಸರಿಯಾಗಿದ್ದು, ಕೋರೆ ಹಲ್ಲು ತುಂಬಾ ದಪ್ಪ ಮತ್ತು ಗಾಢ ಬಣ್ಣದ್ದಾಗಿದ್ದರೆ ಜಾಗ ಉಳಿಸುವುದೇ ಸರಿ.

ಎರಡೂ ಹೊಂದುವ ಮಗುವಾದರೆ ನಾನು ಮುಚ್ಚುವುದನ್ನೇ ಮೊದಲು ಹೇಳುತ್ತೇನೆ. ಹದಿನೈದು ಹದಿನಾರಕ್ಕೆ ಕೆಲಸ ಮುಗಿಯುತ್ತದೆ, ಬಾಯಲ್ಲಿರುವುದೆಲ್ಲ ಅವಳದೇ ಹಲ್ಲು, ಜೀವನವಿಡೀ ನೋಡಿಕೊಳ್ಳಬೇಕಾದ ಕೃತಕ ಹಲ್ಲು ಇರುವುದಿಲ್ಲ.

ಉಳಿಸಿದರೆ, ಹದಿನಾಲ್ಕಕ್ಕೇ ಇಂಪ್ಲಾಂಟ್ ಹಾಕಿಸಬಾರದಾ?

ದಯವಿಟ್ಟು ಬೇಡ. ಇಂಪ್ಲಾಂಟ್ ಅಂದರೆ ಹಲ್ಲು ಕಟ್ಟಲು ಮೂಳೆಯೊಳಗೆ ಕೂರಿಸುವ ಕೃತಕ ಬೇರು. ನಮ್ಮ ಹಲ್ಲು ಮೂಳೆಯೊಳಗೆ ಮೆತ್ತನೆಯ ನಾರುಗಳ ಮೇಲೆ ಕೂತಿರುತ್ತದೆ, ದವಡೆ ಬೆಳೆದಂತೆ ಅದೂ ಇಳಿಯುತ್ತದೆ. ಇಂಪ್ಲಾಂಟಿಗೆ ಆ ನಾರು ಇಲ್ಲ, ಅದು ಮೂಳೆಗೇ ಬೆಸೆದುಕೊಳ್ಳುತ್ತದೆ. ಹದಿನಾಲ್ಕಕ್ಕೆ ಹಾಕಿದರೆ ಆಚೀಚೆಯ ಹಲ್ಲುಗಳು ಇಳಿಯುತ್ತಾ ಹೋಗುತ್ತವೆ, ಇಂಪ್ಲಾಂಟ್ ಹಾಕಿದಲ್ಲೇ ನಿಲ್ಲುತ್ತದೆ. ಕೆಲವು ವರ್ಷದಲ್ಲಿ ಅದು ಗಿಡ್ಡವಾಗಿ, ವಸಡು ಮೇಲೆ ಸರಿದು ಕಾಣುತ್ತದೆ. ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಹುಡುಗಿಯರಿಗೆ 17–18ಕ್ಕಿಂತ ಮೊದಲು, ಹುಡುಗರಿಗೆ 20–21ಕ್ಕಿಂತ ಮೊದಲು ಸಾಮಾನ್ಯವಾಗಿ ಹಾಕುವುದಿಲ್ಲ. ಬರೀ ವಯಸ್ಸನ್ನೂ ನಂಬುವುದಿಲ್ಲ. ಎತ್ತರ ಬೆಳೆಯುವುದು ನಿಂತಿದೆಯಾ ನೋಡಿ, ಮುಖದ ಪಕ್ಕದಿಂದ ಒಂದು ವರ್ಷದ ಅಂತರದಲ್ಲಿ ಎರಡು ಎಕ್ಸ್‌ರೇ ತೆಗೆದು ಒಂದರ ಮೇಲೊಂದು ಇಟ್ಟು ಹೋಲಿಸುತ್ತೇವೆ.

ಇನ್ನೊಂದು ತಪ್ಪು ಕ್ಲಿಪ್ ಬಿಚ್ಚುವ ದಿನ ಆಗುತ್ತದೆ. ಹೊರಗೆ 7 ಮಿಲಿಮೀಟರ್ ಜಾಗ ಚೆನ್ನಾಗಿ ಕಾಣುತ್ತದೆ, ಆದರೆ ಒಳಗೆ ಎರಡೂ ಕಡೆಯ ಬೇರುಗಳು ಒಂದಕ್ಕೊಂದು ವಾಲಿರುತ್ತವೆ. ವರ್ಷಗಳ ನಂತರ ಇಂಪ್ಲಾಂಟ್ ಹಾಕಲು ಹೋದಾಗ ಜಾಗವೇ ಇರುವುದಿಲ್ಲ, ಮತ್ತೆ ಕ್ಲಿಪ್. ಬಿಚ್ಚುವ ಮೊದಲು ಬೇರುಗಳ ನಡುವಿನ ಜಾಗ ಎಕ್ಸ್‌ರೇಯಲ್ಲಿ ತೋರಿಸಿ ಅಂತ ನೀವೇ ಕೇಳಿ.

ಅಲ್ಲಿವರೆಗೆ ಶಾಲೆಗೆ, ಕಾಲೇಜಿಗೆ ಖಾಲಿ ಜಾಗದಲ್ಲೇ ಹೋಗಬೇಕಾ?

ಬೇಕಿಲ್ಲ. ಮೊದಲ ಕೆಲವು ತಿಂಗಳು, ಹಲ್ಲು ಮತ್ತೆ ಸರಿಯದ ಹಾಗೆ ಹಿಡಿಯುವ, ಹಾಕಿ ತೆಗೆಯುವ ರಿಟೇನರಿನಲ್ಲೇ ಒಂದು ಹಲ್ಲು ಕೂರಿಸಿ ಕೊಡುತ್ತೇವೆ. ಆಮೇಲೆ ಒಂದೇ ರೆಕ್ಕೆಯ ಅಂಟಿಸುವ ಬ್ರಿಡ್ಜ್ ಒಳ್ಳೆಯದು. ಕೃತಕ ಹಲ್ಲಿನ ಒಂದು ಬದಿಗೆ ತೆಳು ರೆಕ್ಕೆ ಇರುತ್ತದೆ, ಅದನ್ನು ಖಾಲಿ ಜಾಗದ ಆಚೀಚೆ ಇರುವ ಒಂದು ಹಲ್ಲಿನ ಹಿಂಬದಿಗೆ ಅಂಟಿಸುತ್ತೇವೆ. ಒಳ್ಳೆಯ ಹಲ್ಲನ್ನು ಕೊರೆಯುವ ಅಗತ್ಯ ಬೀಳುವುದಿಲ್ಲ ಅನ್ನಬಹುದು. ಎರಡು ರೆಕ್ಕೆ ಇದ್ದರೆ ಗಟ್ಟಿ ಅಂತ ಅನಿಸುತ್ತದೆ. ಆದರೆ ಒಂದು ರೆಕ್ಕೆ ಬಿಟ್ಟುಕೊಂಡದ್ದು ಗೊತ್ತೇ ಆಗದೆ ಅದರಡಿಯಲ್ಲಿ ಹುಳುಕು ಬೆಳೆಯುತ್ತದೆ. ಒಂದೇ ರೆಕ್ಕೆಯದು ಬಿಟ್ಟರೆ ಕೈಗೇ ಬರುತ್ತದೆ, ತೊಳೆದು ಮತ್ತೆ ಅಂಟಿಸಬಹುದು. ಇದೇ ಚೆನ್ನಾಗಿದೆ ಅಂತ ಇಂಪ್ಲಾಂಟಿನ ಯೋಚನೆಯನ್ನೇ ಬಿಟ್ಟವರೂ ಇದ್ದಾರೆ, ಅದೂ ಸರಿಯೇ.

ಇದು ಬೇರೆ ಯಾವುದಾದರೂ ಕಾಯಿಲೆಯ ಲಕ್ಷಣವಾ?

ಒಂದು ಹಲ್ಲು ಜಾಸ್ತಿ ಅಥವಾ ಒಂದೆರಡು ಕಡಿಮೆ ಇದ್ದರೆ ಹೆಚ್ಚಾಗಿ ಅಲ್ಲ. ಹಲವು ಹಲ್ಲು ಜಾಸ್ತಿ ಇದ್ದು, ಎರಡೂ ಹೆಗಲನ್ನು ಎದೆಯ ಮುಂದೆ ತುಂಬಾ ಹತ್ತಿರ ತರಲು ಆಗುವ ಮಗುವಾದರೆ ಕೊರಳೆಲುಬನ್ನು ಪರೀಕ್ಷಿಸಬೇಕು. ಆರು ಅಥವಾ ಹೆಚ್ಚು ಹಲ್ಲು ಇಲ್ಲದಿದ್ದು, ಕೂದಲು ತೆಳು, ಬೆವರು ಬಾರದೆ ಬೇಸಿಗೆಯಲ್ಲಿ ಮೈ ಕಾಯುವುದು ಇದ್ದರೆ ಮಕ್ಕಳ ಡಾಕ್ಟರನ್ನು ಕಾಣಿ.

ಮೊದಲ ಸಲ ಬರುವಾಗ ಏನು ತರಬೇಕು?

ಹಳೆಯ ಎಕ್ಸ್‌ರೇ ಎಲ್ಲ ತನ್ನಿ, ಬೇರೆ ಕಡೆ ತೆಗೆಸಿದ್ದೂ ಸೇರಿ. ಮಗು ಹಲ್ಲು ಬಿಟ್ಟು ನಗುತ್ತಿರುವ ಹಳೆಯ ಹುಟ್ಟುಹಬ್ಬದ ಫೋಟೋಗಳು ಮೊಬೈಲಲ್ಲಿ ಇದ್ದರೆ ಅವನ್ನೂ ತನ್ನಿ. ಯಾವ ಹಲ್ಲು ಯಾವಾಗ ಬಿತ್ತು, ಯಾವಾಗ ಬಂತು ಅಂತ ನೆನಪಿಗಿಂತ ಫೋಟೋ ಸರಿಯಾಗಿ ಹೇಳುತ್ತದೆ. ಕಡತವನ್ನು ಜೋಪಾನ ಮಾಡಿ. ಹನ್ನೆರಡಕ್ಕೆ ತೆಗೆಸಿದ ಎಕ್ಸ್‌ರೇ ಇಪ್ಪತ್ತಕ್ಕೆ ಇಂಪ್ಲಾಂಟ್ ಹಾಕುವ ಡಾಕ್ಟರಿಗೆ ಬೇಕಾಗುತ್ತದೆ, ಅಷ್ಟರಲ್ಲಿ ನೀವು ಊರು ಬದಲಿಸಿರಬಹುದು.